ಐದು ಕೆಜಿ ಎಣ್ಣೆ ಎಲ್ಲಿ ಹೋಯ್ತು?

ನೂರು ಕೆಜಿ ಕೊಬ್ಬರಿ ಗಾಣಕ್ಕೆ ಹಾಕಿದರೆ ಎಷ್ಟು ಎಣ್ಣೆ ಬರಬೇಕು? ತಿಪಟೂರು ಕಡೆಯ ಯಾವ ಊರಿನ ಕಟ್ಟೆ ಮೇಲಾದರೂ ಕೂತು ಈ ಪ್ರಶ್ನೆ ಕೇಳಿ ನೋಡಿ. ಒಬ್ಬರು ಅರವತ್ತು ಅಂತಾರೆ, ಇನ್ನೊಬ್ಬರು ಅರವತ್ತೈದು ಅಂತಾರೆ, ಗಾಣದವರು ಮಾತ್ರ "ಕೊಬ್ಬರಿ ನೋಡಿ ಹೇಳಬೇಕು ಸ್ವಾಮಿ" ಅಂತ ಜಾರಿಕೊಳ್ತಾರೆ. ನಾನು ಎಷ್ಟೋ ವರ್ಷ ಇದನ್ನ ಜಾರಿಕೊಳ್ಳೋ ಉತ್ತರ ಅಂತಲೇ ಕೇಳಿಸಿಕೊಂಡಿದ್ದೆ. ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಜಗಳ ಆಯ್ತು. ಆ ಜಗಳ ಕೊನೆಗೆ ನಮ್ಮ ಸಿವಿಲ್ ಡಿಪಾರ್ಟ್‌ಮೆಂಟಿನ ಮಣ್ಣಿನ ಲ್ಯಾಬ್‌ಗೆ ಬಂತು.

ಮೊದಲು ಒಂದು ವಿಷಯ. ಹಾಸ್ಟೆಲ್‌ನಲ್ಲಿ ತುಂಬಾ ಜನ "ನಿಮ್ಮದು ಕೊಬ್ಬರಿ ಊರಲ್ವಾ, ಎಣ್ಣೆ ಮಾಡಿ ಮಾರ್ತೀರಾ?" ಅಂತ ಕೇಳ್ತಾರೆ. ಇಲ್ಲ. ನಮ್ಮ ಕಡೆ ದುಡ್ಡು ತರೋದು ಉಂಡೆ ಕೊಬ್ಬರಿ. ಇಡೀ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಬಿಸಿಲೂ ಬೇಡ, ಬೆಂಕಿಯೂ ಬೇಡ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ ಕುಗ್ಗಿ, ಚಿಪ್ಪಿನಿಂದ ತಾನೇ ಬಿಟ್ಟುಕೊಳ್ಳುತ್ತೆ. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನಬೇಕು, ಆವಾಗ ಆಗಿದೆ ಅಂತ ಲೆಕ್ಕ. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನ ಒಳಗಿನ ಉಂಡೆಗೆ ಏಟು ಬೀಳದ ಹಾಗೆ ಒಡೆದು ತೆಗೀಬೇಕು. ಇದು ಕೈ ಪಳಗಿದವರ ಕೆಲಸ. ನನ್ನ ಕೈಗೆ ಕೊಟ್ಟರೆ ಹತ್ತರಲ್ಲಿ ನಾಲ್ಕು ಹೋಳಾಗುತ್ತೆ, ಹಾಗಾಗಿ ಕೊಡೋದಿಲ್ಲ.

ಉಂಡೆ ಇಡಿಯಾಗಿ ಬಂದರೆ ಅದು ತಿನ್ನೋ ಕೊಬ್ಬರಿ. ತಿಪಟೂರು ಮಾರುಕಟ್ಟೆಗೆ ಹೋಗಿ ಅಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತೆ. ಒಡೆದರೆ ಅದೇ ತಿರುಳು, ಅದೇ ರುಚಿ, ಆದರೆ ಬೆಲೆ ಬೇರೆ. ಸರ್ಕಾರದ ಬೆಂಬಲ ಬೆಲೆಯಲ್ಲೂ ಎರಡಕ್ಕೂ ಬೇರೆ ಬೇರೆ ಅಂಕಿ ಇದೆ: 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ, ಎಣ್ಣೆ ಮಿಲ್ಲಿಗೆ ಹೋಗೋ ಕೊಬ್ಬರಿಗೆ 11,160. ಬೆಂಬಲ ಬೆಲೆ ಇದೆ ಅಂದ ಮಾತ್ರಕ್ಕೆ ಅದು ಸಿಗುತ್ತೆ ಅಂತ ಅಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ಇದ್ದಾಗಲೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಆದ ಮಾತುಕತೆಗಳನ್ನ ಇಲ್ಲಿ ಬರೆಯೋದು ಬೇಡ.

ನಮ್ಮದು ವರ್ಷಕ್ಕೆ ಸುಮಾರು ಎಂಟು ಸಾವಿರ ಕಾಯಿ ಅಟ್ಟಕ್ಕೆ ಹೋಗುತ್ತೆ. ಒಣಗಿದ ಮೇಲೆ ಒಂದು ಕಾಯಿಗೆ 150 ಗ್ರಾಂ ಆಸುಪಾಸು ಕೊಬ್ಬರಿ, ಅಂದರೆ ಕೆಜಿಗೆ ಆರೂವರೆ ಏಳು ಕಾಯಿ. ಇದರಲ್ಲಿ ಕೆಲವು ಮೊಳಕೆ ಬಂದು ಹೋಗ್ತವೆ, ಕೆಲವು ಒಳಗೇ ಬಿರುಕು ಬಿಟ್ಟು ಬೂಷ್ಟು ಹಿಡೀತವೆ, ಕೆಲವು ಚಿಪ್ಪು ತೆಗೆಯುವಾಗ ಒಡೀತವೆ. ಕಳೆದ ವರ್ಷ ಹೀಗೆ ಉಂಡೆ ಆಗದೆ ಉಳಿದಿದ್ದರಲ್ಲಿ ಒಳ್ಳೆಯ ಚೂರು ಮಾತ್ರ ಆರಿಸಿದರೆ ಸರಿಯಾಗಿ ನೂರು ಕೆಜಿ ಇತ್ತು. ಕೌಟು ವಾಸನೆ ಬಂದಿದ್ದನ್ನು ಅಪ್ಪ ಬೇರೆ ಚೀಲಕ್ಕೆ ಹಾಕಿ ವ್ಯಾಪಾರಿಗೆ ಕೊಟ್ಟಿದ್ದರು, ಅದು ಸೋಪಿಗೆ ಹೋಗುತ್ತಂತೆ.

ಈ ನೂರು ಕೆಜಿಗೆ ವ್ಯಾಪಾರಿ ಕೆಜಿಗೆ 105 ರೂಪಾಯಿ ಅಂದ. ಅಮ್ಮ "ಕೊಡೋದು ಬೇಡ, ಎಣ್ಣೆ ಆಡಿಸೋಣ, ಹಿಂಡಿನಾದ್ರೂ ಹಸುಗಳಿಗೆ ಆಗುತ್ತೆ" ಅಂದರು. ಹಿಂದಿನ ವರ್ಷ ದೊಡ್ಡಪ್ಪ ಎಕ್ಸ್‌ಪೆಲ್ಲರ್ ಇರೋ ಮಿಲ್ಲಿಗೆ ಒಯ್ದು ನೂರಕ್ಕೆ 62 ಕೆಜಿ ಎಣ್ಣೆ ತಂದಿದ್ದರು. ಈ ಸಲ ಪಕ್ಕದ ಊರಿನ ಮರದ ಗಾಣಕ್ಕೆ ಕೊಟ್ಟರು. ಗಾಣದ ಯಜಮಾನರು ದೊಡ್ಡಪ್ಪನ ಮೂವತ್ತು ವರ್ಷದ ಸ್ನೇಹಿತರು. ನಾಲ್ಕು ದಿನದ ಮೇಲೆ ಎಣ್ಣೆ ಬಂತು. ಮನೆ ತಕ್ಕಡಿಯಲ್ಲಿ ಡಬ್ಬದ ತೂಕ ಕಳೆದು ನೋಡಿದರೆ 57 ಕೆಜಿ. ಹಿಂಡಿ 35.5 ಕೆಜಿ.

ದೊಡ್ಡಪ್ಪ ಲೆಕ್ಕ ಹಾಕಿದ್ದು ಎರಡೇ ಸಾಲು. ಎಣ್ಣೆ ಹೋದ ವರ್ಷಕ್ಕಿಂತ ಐದು ಕೆಜಿ ಕಮ್ಮಿ. ಎಣ್ಣೆ ಹಿಂಡಿ ಎರಡೂ ಸೇರಿಸಿದರೂ 92.5, ಅಂದರೆ ಏಳೂವರೆ ಕೆಜಿ ಮಾಯ. "ಮೂವತ್ತು ವರ್ಷದ ಗುರುತಿಗೆ ಐದು ಕೆಜಿ ಎಣ್ಣೆ ಹೊಡ್ದ ನೋಡು" ಅಂತ ಜಗಲಿ ಮೇಲೆ ಕೂತರು. ಆ ಯಜಮಾನರ ಮಗಳ ಮದುವೆ ಡಿಸೆಂಬರಿನಲ್ಲಿತ್ತು. ಹೋಗೋದಿಲ್ಲ ಅಂತಲೂ ತೀರ್ಮಾನ ಆಯ್ತು. ಆಮೇಲೆ ನನ್ನ ಕಡೆ ತಿರುಗಿ, "ಏನ್ಲಾ ಎಂಜಿನಿಯರ್ರು, ಲಕ್ಷಾಂತರ ರೂಪಾಯಿ ಕಟ್ಟಿ ಓದ್ತಿದೀಯಲ್ಲ, ಏಳೂವರೆ ಕೆಜಿ ಎಲ್ಲೋಯ್ತು ಅಂತ ಹೇಳು ಮತ್ತೆ" ಅಂದರು.

ನಿಜ ಹೇಳಬೇಕು ಅಂದರೆ ಇದು ನಮ್ಮ ಸಿಲಬಸ್ಸಿನಲ್ಲಿರೋ ಪ್ರಶ್ನೆಗಿಂತ ಸುಲಭ. ಒಳಗೆ ಹೋಗಿದ್ದು ಹೊರಗೆ ಬರಬೇಕು, ಅಷ್ಟೆ. ಕೊಬ್ಬರಿಯಲ್ಲಿ ಇರೋದು ಮೂರೇ: ನೀರು, ಎಣ್ಣೆ, ಮತ್ತೆ ಎಣ್ಣೆಯಲ್ಲದ ಒಣ ಪದಾರ್ಥ. ಈ ಮೂರನೆಯದು ಎಲ್ಲಿಗೂ ಓಡಿಹೋಗೋದಿಲ್ಲ, ಹೆಚ್ಚು ಕಡಿಮೆ ಪೂರ್ತಿ ಹಿಂಡಿಗೆ ಹೋಗುತ್ತೆ. ಎಣ್ಣೆ ಸ್ವಲ್ಪ ಡಬ್ಬಕ್ಕೆ, ಸ್ವಲ್ಪ ಹಿಂಡಿಗೆ. ನೀರು ಮಾತ್ರ ಗಾಳಿಗೆ ಹೋಗಬಹುದು. ಹಾಗಾದರೆ ತಿಳಿಯಬೇಕಾಗಿದ್ದು ಎರಡು ಸಂಖ್ಯೆ. ಕೊಬ್ಬರಿಯಲ್ಲಿ ನೀರು ಎಷ್ಟಿತ್ತು? ಹಿಂಡಿಯಲ್ಲಿ ಎಣ್ಣೆ ಎಷ್ಟು ಉಳಿದಿದೆ?

ಅದೇ ಚೂರಿನಲ್ಲಿ ಮೂರ್ನಾಲ್ಕು ಕೆಜಿಯನ್ನ ಅಮ್ಮ ಅಡಿಗೆಗೆ ಅಂತ ಗಾಣಕ್ಕೆ ಕಳಿಸೋ ದಿನವೇ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿಟ್ಟಿದ್ದರು. ಅದರಲ್ಲಿ ಬೇರೆ ಬೇರೆ ಚೂರಿನಿಂದ ಸ್ವಲ್ಪ ಸ್ವಲ್ಪ ಕತ್ತರಿಸಿ ಜಿಪ್ ಕವರಿಗೆ ಹಾಕಿಕೊಂಡೆ. ಇನ್ನೊಂದು ಕವರಿನಲ್ಲಿ ಹಿಂಡಿ. ಕವರ್ ಯಾಕೆ ಅಂದರೆ, ಬಸ್ಸಿನಲ್ಲಿ ಬರೋವಾಗ ಒಣಗಿಬಿಟ್ಟರೆ ಅಳೆಯೋಕೆ ನೀರೇ ಇರೋದಿಲ್ಲ.

ಸಿವಿಲ್‌ನವರಿಗೆ ಗೊತ್ತು, ಮಣ್ಣಿನ ತೇವಾಂಶ ನೋಡೋಕೆ ನಮ್ಮಲ್ಲಿ ಓವನ್ ಇದೆ, 105 ಡಿಗ್ರಿಯಲ್ಲಿ ಒಂದು ದಿನ ಇಡ್ತೀವಿ. ಲ್ಯಾಬ್ ಸರ್ ಮೊದಲು ನನ್ನ ಮುಖ, ಆಮೇಲೆ ಕವರ್ ನೋಡಿ, "ಇದರಲ್ಲಿ ಚಟ್ನಿ ಮಾಡಬೇಡ ಅಷ್ಟೆ" ಅಂದರು. 50 ಗ್ರಾಂ ಕೊಬ್ಬರಿ ತುರಿದು ಇಟ್ಟೆ. ಮಾರನೇ ದಿನ 45 ಗ್ರಾಂ. ಐದು ಗ್ರಾಂ ನೀರು ಹೋಗಿತ್ತು.

ಇಲ್ಲಿ ಒಂದು ಸಣ್ಣ ಗುಂಡಿ ಇದೆ, ನಮ್ಮ ಬ್ರಾಂಚಿನವರು ಬೀಳೋಕೆ ಅಂತಲೇ ತೋಡಿದ ಹಾಗಿದೆ. ಮಣ್ಣಿನ ಲೆಕ್ಕದಲ್ಲಿ ನಾವು ನೀರನ್ನ ಒಣ ಮಣ್ಣಿನ ತೂಕದಿಂದ ಭಾಗಿಸ್ತೀವಿ. ಹಾಗೆ ಮಾಡಿದರೆ 5 ಭಾಗಿಸು 45, ಅಂದರೆ 11.1 ಶೇಕಡಾ. ಕೊಬ್ಬರಿ ವ್ಯಾಪಾರದಲ್ಲಿ ತೇವಾಂಶ ಅಂದರೆ ಒಟ್ಟು ತೂಕದ ಮೇಲೆ. 5 ಭಾಗಿಸು 50, ಶೇಕಡಾ 10. ಮಿಲ್ಲಿನ ಕೊಬ್ಬರಿಗೆ ಒಳ್ಳೆ ಗುಣಮಟ್ಟ ಅನ್ನಿಸಿಕೊಳ್ಳೋಕೆ ಶೇಕಡಾ 6 ಇರಬೇಕು. ನಮ್ಮ ಚೂರು ಸೆಪ್ಟೆಂಬರ್ ಮಳೆಯಲ್ಲಿ ಸುಲಿದಿದ್ದು, ಆಮೇಲೆ ಗೋಣಿಚೀಲದಲ್ಲಿ ಗೋಡೆಗೆ ಒರಗಿಕೊಂಡು ಕೂತಿತ್ತು. ಹತ್ತು ಇದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ವ್ಯಾಪಾರಿಗೆ ಇದಕ್ಕೆಲ್ಲ ಓವನ್ ಬೇಡ. ಒಂದು ಚೂರು ತೆಗೆದು ಮುರಿದ, ಪಟ್ ಅನ್ನಲಿಲ್ಲ, ಸ್ವಲ್ಪ ಬಾಗಿ ಮುರೀತು. ಅವನು 105 ಅಂದಿದ್ದು ಆಮೇಲೆ.

ಹಿಂಡಿಯ ಎಣ್ಣೆಗೆ ಬಯೋಟೆಕ್‌ನ ಗೆಳತಿ ಸಿಕ್ಕಳು. ಅವರ ಲ್ಯಾಬಿನಲ್ಲಿ ಸಾಕ್ಸ್‌ಲೆಟ್ ಅಂತ ಒಂದು ಗಾಜಿನ ಸಾಮಾನಿದೆ. ಹೆಕ್ಸೇನ್ ಕಾದು ಆವಿಯಾಗಿ ಮೇಲೆ ಹೋಗಿ, ತಣ್ಣಗಾಗಿ ಹಿಂಡಿಯ ಮೇಲೆ ಹನಿಹನಿ ಬಿದ್ದು, ಎಣ್ಣೆಯನ್ನು ತೊಳೆದುಕೊಂಡು ಕೆಳಗೆ ಬರುತ್ತೆ. ಗಂಟೆಗಟ್ಟಲೆ ಹೀಗೇ ಸುತ್ತುತ್ತೆ. ಕೊನೆಗೆ ಹೆಕ್ಸೇನ್ ಹಾರಿಸಿ ಉಳಿದಿದ್ದನ್ನ ತೂಗಿದರೆ ಹತ್ತು ಗ್ರಾಂ ಹಿಂಡಿಗೆ 1.4 ಗ್ರಾಂ ಎಣ್ಣೆ. ಶೇಕಡಾ 14. ಹಿಂಡಿಯ ತೇವಾಂಶವನ್ನೂ ನಮ್ಮ ಓವನ್ನಿನಲ್ಲೇ ನೋಡಿದೆ, ಶೇಕಡಾ 8.

ಈಗ ಕೂಡಿಸೋಣ. ಮನೆಯಿಂದ ಹೋಗಿದ್ದು ನೂರು ಕೆಜಿ, ಅದರಲ್ಲಿ ನೀರು 10, ಒಣ ಭಾಗ 90. ವಾಪಸ್ ಬಂದಿದ್ದು ಎಣ್ಣೆ 57. ಹಿಂಡಿ 35.5 ಕೆಜಿಯಲ್ಲಿ ಎಣ್ಣೆ ಸುಮಾರು 5 ಕೆಜಿ, ನೀರು 2.8, ಉಳಿದ 27.7 ಒಣ ಪದಾರ್ಥ. 57, 5, 27.7 ಕೂಡಿಸಿದರೆ 89.7. ತೊಂಬತ್ತಕ್ಕೆ ಕಮ್ಮಿ ಬಿದ್ದಿದ್ದು ಮುನ್ನೂರು ಗ್ರಾಂ. ಗಾಣದ ಒರಳಿಗೆ ಅಂಟಿದ್ದು, ಎಣ್ಣೆ ತಿಳಿಯಾಗಲು ಬಿಟ್ಟಾಗ ತಳಕ್ಕೆ ಕೂತ ಮಡ್ಡಿ, ನಮ್ಮ ತಕ್ಕಡಿಯ ಯೋಗ್ಯತೆ, ಎಲ್ಲ ಸೇರಿದರೆ ಮುನ್ನೂರು ಗ್ರಾಂ ಏನೂ ಅಲ್ಲ. ಮಾಯ ಆದ ಏಳೂವರೆ ಕೆಜಿಯಲ್ಲಿ ಏಳಕ್ಕಿಂತ ಹೆಚ್ಚು ಬರೀ ನೀರು.

ಫೋನಿನಲ್ಲಿ ಹೇಳಿದಾಗ ದೊಡ್ಡಪ್ಪ ಒಪ್ಪಲಿಲ್ಲ. "ನೀರು ಎಲ್ಲೋಗುತ್ತೆ? ಮರದ ಗಾಣ ಬಿಸಿನೇ ಆಗಲ್ಲ ಅಂತಾರಲ್ಲ?" ಒಳ್ಳೆ ಪ್ರಶ್ನೆ. ಎಕ್ಸ್‌ಪೆಲ್ಲರಿನಲ್ಲಿ ಸ್ಕ್ರೂ ಒತ್ತಡಕ್ಕೆ ಕಾದು ಹಬೆ ಹಾರೋದು ಕಣ್ಣಿಗೇ ಕಾಣುತ್ತೆ, ಮರದ ಗಾಣದಲ್ಲಿ ಹಾಗಿಲ್ಲ. ಉತ್ತರ ಗಾಣದ ಅಂಗಳದಲ್ಲಿತ್ತು. ಆಡಿಸೋ ಮೊದಲು ಚೂರನ್ನ ಇನ್ನೂ ಸಣ್ಣಗೆ ಕತ್ತರಿಸಿ ಎರಡು ದಿನ ಬಿಸಿಲಿಗೆ ಹಾಕಿದ್ದರು, ಎಲ್ಲ ಗಾಣದಲ್ಲೂ ಮಾಡೋ ಕೆಲಸ ಇದು. ನಾಲ್ಕು ದಿನ ತಡ ಆಗಿದ್ದೂ ಅದಕ್ಕೇ. ಶೇಕಡಾ 10ರಿಂದ 6ಕ್ಕೆ ಇಳಿದರೆ, ಒಣ ಭಾಗ ಅದೇ 90 ಇರೋದರಿಂದ, ಒಟ್ಟು ತೂಕ 95.7 ಕೆಜಿ ಆಗುತ್ತೆ. ಅಂದರೆ ಗಾಣ ಶುರುವಾಗೋ ಮೊದಲೇ ನಾಲ್ಕು ಕೆಜಿ ಚಿಲ್ಲರೆ ಬಿಸಿಲಿಗೆ ಹೋಗಿತ್ತು. ಗಾಣದವರ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದ "96" ಏನು ಅಂತ ಮನೆಯಲ್ಲಿ ಯಾರಿಗೂ ಅರ್ಥ ಆಗಿರಲಿಲ್ಲ. ಅದು ಆಡಿಸೋ ದಿನದ ತೂಕ.

ಹೋದ ವರ್ಷದ ಐದು ಕೆಜಿ ವ್ಯತ್ಯಾಸ ಇನ್ನೂ ಉಳಿದಿದೆಯಲ್ಲ. ಅದು ಎರಡು ತುಂಡಾಗಿ ಒಡೆಯುತ್ತೆ. ಈ ಸಲದ ನೂರು ಕೆಜಿಯಲ್ಲಿ ಇದ್ದ ಒಟ್ಟು ಎಣ್ಣೆ 62, ಡಬ್ಬದ್ದೂ ಹಿಂಡಿಯದ್ದೂ ಸೇರಿ. ಇದೇ ಕೊಬ್ಬರಿ ಶೇಕಡಾ 6ಕ್ಕೆ ಒಣಗಿದ್ದು ನೂರು ಕೆಜಿ ತೂಗಿದ್ದರೆ ಅದರಲ್ಲಿ 65ರ ಹತ್ತಿರ ಇರುತ್ತಿತ್ತು. ಹೋದ ವರ್ಷ ತೂಗಿದ್ದು ಬೇಸಿಗೆಯ ಒಣ ಕೊಬ್ಬರಿ. ಅಲ್ಲಿಗೆ ಮೂರು ಕೆಜಿ ಹತ್ತಿರ ವ್ಯತ್ಯಾಸ ಬರೀ ತೂಕ ಮಾಡಿದ ದಿನದ್ದು. ಉಳಿದ ಎರಡು ಕೆಜಿ ಚಿಲ್ಲರೆ ಯಂತ್ರದ್ದು. ಎಕ್ಸ್‌ಪೆಲ್ಲರ್ ಚೆನ್ನಾಗಿ ಹಿಂಡಿದರೆ ಹಿಂಡಿಯಲ್ಲಿ ಶೇಕಡಾ 7ರಿಂದ 10 ಎಣ್ಣೆ ಉಳಿಯುತ್ತೆ, ಗಾಣದಲ್ಲಿ ಅದಕ್ಕಿಂತ ಹೆಚ್ಚು. ದೊಡ್ಡ ಕಾರ್ಖಾನೆಗಳು ಈ ಹಿಂಡಿಯನ್ನೂ ಕೊಂಡು ಸಾಕ್ಸ್‌ಲೆಟ್ಟಿನ ಹಾಗೇ ಹೆಕ್ಸೇನಿನಲ್ಲಿ ತೊಳೆದು ಒಂದೆರಡು ಶೇಕಡಾಕ್ಕೆ ಇಳಿಸ್ತವೆ. ಗಾಣದವರ "ಕೊಬ್ಬರಿ ನೋಡಿ ಹೇಳಬೇಕು" ಅನ್ನೋ ಮಾತು ಪೂರ್ತಿ ಸರಿ ಇತ್ತು.

ಇದರಲ್ಲಿ ಒಂದು ತಮಾಷೆ ಇದೆ. ತೆಂಗಿನೆಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 920 ಗ್ರಾಂ. 57 ಕೆಜಿ ಅಂದರೆ 62 ಲೀಟರ್. ಯಾರಾದರೂ ಅಳೆದು "ಅರವತ್ತೆರಡು ಬಂತು" ಅಂದಿದ್ದರೆ ದೊಡ್ಡಪ್ಪ ಖುಷಿಯಾಗಿ ಮದುವೆಗೆ ಬಟ್ಟೆ ಹೊಲಿಸೋಕೆ ಹೋಗ್ತಿದ್ದರು.

ಸರಿ, ಕಳ್ಳತನ ಆಗಿಲ್ಲ. ಲಾಭ ಆಯ್ತಾ? ಅದನ್ನ ಅಪ್ಪ ಕೇಳಿದರು. ವ್ಯಾಪಾರಿಗೆ ಕೊಟ್ಟಿದ್ದರೆ ನಿಂತ ಜಾಗದಲ್ಲಿ 10,500 ರೂಪಾಯಿ. ಆಡಿಸಿದ್ದಕ್ಕೆ ಕೂಲಿ ಕೆಜಿಗೆ 12ರಂತೆ 1,200. ಆ ವಾರ ಅಲ್ಲಿ ಹಿಂಡಿಗೆ ಕೆಜಿಗೆ 32 ರೂಪಾಯಿ ಇತ್ತು, 35.5 ಕೆಜಿಗೆ 1,136. ನೋಡಿ, ಹಿಂಡಿ ಕೂಲಿಯನ್ನ ತೀರಿಸಿತು, ಅಷ್ಟಕ್ಕೇ ಮುಗೀತು. "ಕೂಲಿ ಬೇಡ, ಹಿಂಡಿ ನನಗೆ ಬಿಡಿ" ಅಂತ ಕೆಲವು ಗಾಣದವರು ಯಾಕೆ ಹೇಳ್ತಾರೆ ಅಂತ ನನಗೆ ಅವತ್ತು ಅರ್ಥ ಆಯ್ತು. ಇನ್ನು ಎಣ್ಣೆ. ಗಾಣದವರೇ ಕೊಳ್ಳೋದಾದರೆ ಕೆಜಿಗೆ 190 ಅಂದಿದ್ದರು, 57 ಕೆಜಿಗೆ 10,830. ಎಲ್ಲ ಕೂಡಿಸಿ ಕಳೆದರೆ 10,766. ವ್ಯಾಪಾರಿಯ ದುಡ್ಡಿಗಿಂತ 266 ರೂಪಾಯಿ ಜಾಸ್ತಿ, ಎರಡು ಸಲ ಚೀಲ ಡಬ್ಬ ಹೊತ್ತ ಆಟೋ ಬಾಡಿಗೆಗೆ ಸಾಲದು. ಸಗಟಾಗಿ ಮಾರೋದಾದರೆ ಎಣ್ಣೆ ಆಡಿಸೋದರಲ್ಲಿ ಏನೂ ಇಲ್ಲ. ವ್ಯಾಪಾರಿ ಹೇಳೋ ಕೊಬ್ಬರಿ ಬೆಲೆಯೇ ಎಣ್ಣೆ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಬಂದಿರುತ್ತೆ, ಅವನಿಗೆ ನಮಗಿಂತ ಮೊದಲೇ ಈ ಗಣಿತ ಗೊತ್ತು.

ವ್ಯತ್ಯಾಸ ಬಂದಿದ್ದು ಅಮ್ಮನಿಂದ. 40 ಲೀಟರ್ ಎಣ್ಣೆಯನ್ನ ನೆಂಟರಿಗೆ, ಅವರ ಸಂಘದವರಿಗೆ, ನನ್ನ ಹಾಸ್ಟೆಲಿನ ಇಬ್ಬರಿಗೆ ಲೀಟರಿಗೆ 240ರಂತೆ ಕೊಟ್ಟರು. 190 ರೂಪಾಯಿ ಕೆಜಿ ಅಂದರೆ ಲೀಟರಿಗೆ 175 ಬೀಳುತ್ತೆ, ಹಾಗಾಗಿ ಲೀಟರಿಗೆ 65 ರೂಪಾಯಿ, ಒಟ್ಟು 2,600 ಹೆಚ್ಚು ಸಿಕ್ಕಿತು. ಉಳಿದ 22 ಲೀಟರ್ ಮನೆಗೆ. ಆದರೆ ಇದು ಬೆಳೆಯೋ ಲೆಕ್ಕ ಅಲ್ಲ. ನಾನ್ನೂರು ಲೀಟರ್ ಇದ್ದಿದ್ದರೆ ಅಮ್ಮನಿಗೆ ಅಷ್ಟು ನೆಂಟರಿಲ್ಲ.

ಹಿಂಡಿ ವಿಷಯಕ್ಕೆ ಅಮ್ಮನೂ ನಾನೂ ಇವತ್ತಿಗೂ ಒಪ್ಪಿಲ್ಲ. ನನ್ನ ಪ್ರಕಾರ ಗಾಣದ ಹಿಂಡಿಯಲ್ಲಿ ಹೆಚ್ಚು ಉಳಿದ ಎರಡು ಕೆಜಿ ಚಿಲ್ಲರೆ ಎಣ್ಣೆ, 190ರ ಮಾಲನ್ನ 32ಕ್ಕೆ ಮಾರಿದ ಹಾಗೆ, ಮುನ್ನೂರೈವತ್ತು ರೂಪಾಯಿ ನಷ್ಟ. ಅಮ್ಮನ ಪ್ರಕಾರ ಅದು ನಷ್ಟ ಅಲ್ಲ, ಹಸು ತಿನ್ನುತ್ತೆ, ಹಾಲು ಗಟ್ಟಿ ಬರುತ್ತೆ, ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡ್ತಾರೆ. ಕೊಬ್ಬರಿ ಹಿಂಡಿಯಲ್ಲಿ ಪ್ರೋಟೀನ್ ಶೇಕಡಾ 20ರ ಸುಮಾರು, ಕಡಲೆಕಾಯಿ ಹಿಂಡಿಯ ಅರ್ಧ. ಆದ್ದರಿಂದ ಬೆಲೆಯೂ ಕಮ್ಮಿ, ಅದೊಂದನ್ನೇ ಹಾಕಿ ಹಸು ಸಾಕೋಕೂ ಆಗೋದಿಲ್ಲ. ಅಮ್ಮ ದಿನಕ್ಕೆ ಹಸುವಿಗೆ ಅರ್ಧ ಕೆಜಿ ನೆನೆಸಿ ಬೂಸಾ ಜೊತೆ ಕಲಸಿ ಇಡ್ತಾರೆ. ಎರಡು ಹಸುಗೆ 35 ದಿನ ಬಂತು.

ಒಂದು ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚಿರೋದರಿಂದ ಬೇಗ ಕೌಟಾಗುತ್ತೆ, ತೇವ ಸಿಕ್ಕರೆ ಬೂಷ್ಟು ಹಿಡಿಯುತ್ತೆ. ಹಳದಿ ಹಸಿರು ಬಣ್ಣದ ಬೂಷ್ಟು ಬಂದರೆ ಅದು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡೋ ಜಾತಿ ಇರಬಹುದು. ಬೂಷ್ಟು ಹಿಡಿದ ಕೊಬ್ಬರಿಯನ್ನ ಆಡಿಸಿದರೂ ಆ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತೆ, ಹಸು ತಿಂದರೆ ಬೇರೆ ರೂಪದಲ್ಲಿ ಹಾಲಿಗೆ ಬರುತ್ತೆ. ಕಾಯಿಸಿದರೆ ಹೋಗೋದಿಲ್ಲ. ಅಪ್ಪ ಕೌಟು ಚೀಲವನ್ನ ಬೇರೆ ಇಟ್ಟಿದ್ದು ಬೆಲೆಗೋಸ್ಕರ, ಆದರೆ ನನಗೆ ಅದು ಹಸುಗೋಸ್ಕರ ಮುಖ್ಯ ಅನ್ನಿಸುತ್ತೆ. ಹಿಂಡಿ ಚೀಲ ಈಗ ನೆಲದ ಮೇಲೆ ಇಲ್ಲ, ಎರಡು ಇಟ್ಟಿಗೆ ಮೇಲೆ ಹಲಗೆ ಹಾಕಿ ಇಟ್ಟಿದ್ದಾರೆ.

ಡಿಸೆಂಬರಿನ ಮದುವೆಗೆ ದೊಡ್ಡಪ್ಪ ಹೋದರು. ಊಟದ ಪಂಕ್ತಿಯಲ್ಲಿ ಯಜಮಾನರ ಪಕ್ಕ ಕೂತು, ಅವರ ಪೆನ್ಸಿಲ್ ಚೀಟಿಯ 96ರ ಅರ್ಥವನ್ನ ಅವರಿಗೇ ವಿವರಿಸಿದರಂತೆ. ಈ ವರ್ಷ ಚೂರನ್ನ ನಮ್ಮ ಕಣದಲ್ಲೇ ಮೂರು ದಿನ ಒಣಗಿಸಿ, ಪಟ್ ಅಂತ ಮುರಿಯೋ ಹಾಗಾದ ಮೇಲೆ ತೂಗಿ ಕಳಿಸಿದ್ದಾರೆ. ತೂಕದ ಬಗ್ಗೆ ಈಗ ಯಾರದ್ದೂ ತಕರಾರಿಲ್ಲ. ಡಬ್ಬದ ತಳದಲ್ಲಿ ಕೂತ ಮಡ್ಡಿ ಎಣ್ಣೆ ಲೆಕ್ಕಕ್ಕೆ ಸೇರಬೇಕೋ ಹಿಂಡಿ ಲೆಕ್ಕಕ್ಕೋ ಅಂತ ಹೋದ ವಾರ ಫೋನ್ ಬಂದಿತ್ತು.